‘ಕೈಗೊಳ್ಳಲಾಗುವುದು’ ಅಂದರೆ ಯಾರು ಕೈಗೊಳ್ಳುತ್ತಾರೆ?

‘ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ ಯಾವುದೇ ದೂರನ್ನು ನಿಗದಿತ ಅವಧಿಯೊಳಗೆ ಸಕ್ಷಮ ಸಮಿತಿಯ ಮುಂದೆ ಲಿಖಿತವಾಗಿ ಸಲ್ಲಿಸತಕ್ಕದ್ದು ಹಾಗೂ ಸದರಿ ದೂರನ್ನು ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮವನ್ನು ಕೈಗೊಳ್ಳಲಾಗುವುದು.’

ಇದು ನಮ್ಮ ಕಂಪನಿಯ ಪ್ರಕಟಣೆಯ ಒಂದೇ ಒಂದು ವಾಕ್ಯ. ಮೂಲ ಇಂಗ್ಲಿಷಿನಲ್ಲಿತ್ತು, ಅದನ್ನು ಕನ್ನಡಕ್ಕೆ ತಂದಾಗ ಹೀಗಾಯಿತು. ಇಂಥ ವಾಕ್ಯಗಳು ಒಂಬತ್ತು ಪುಟ ಇದ್ದವು. ಪ್ರತಿ ವರ್ಷ ಮೇಲ್‌ನಲ್ಲಿ ಬರುತ್ತಿತ್ತು, ಕೆಳಗೆ ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಅನ್ನೋ ಬಟನ್ ಇರುತ್ತಿತ್ತು. ಎಲ್ಲರೂ ಒತ್ತುತ್ತಿದ್ದೆವು. ಎಚ್‌ಆರ್‌ನವರ ಲೆಕ್ಕದಲ್ಲಿ ಇಡೀ ಆಫೀಸು ಓದಿತ್ತು.

ಈ ವರ್ಷ ಅದನ್ನು ಕೆರೋಸೆಲ್ ಮಾಡೋಣ ಅಂದರು. ಕೆರೋಸೆಲ್ ಗೊತ್ತಲ್ಲ, ಫೋನಿನಲ್ಲಿ ಬೆರಳಿಂದ ಪಕ್ಕಕ್ಕೆ ಸರಿಸುತ್ತಾ ಹೋಗುವ ಎಂಟು ಹತ್ತು ಕಾರ್ಡುಗಳು. ಒಂದು ಕಾರ್ಡಿಗೆ ಒಂದು ಪ್ರಶ್ನೆ, ಇಪ್ಪತ್ತೈದು ಪದದೊಳಗೆ ಉತ್ತರ. ಇಂಗ್ಲಿಷಿನದು ಒಂದು, ಕನ್ನಡದ್ದು ಒಂದು. ಕನ್ನಡದ್ದು ಯಾಕೆ ಅಂದರೆ ಕಾನೂನಿನ ಪ್ರಕಾರ ‘ಉದ್ಯೋಗಿ’ ಅಂದರೆ ಲ್ಯಾಪ್‌ಟಾಪ್ ಹಿಡಿದವರಷ್ಟೇ ಅಲ್ಲ. ಗುತ್ತಿಗೆದಾರರ ಮೂಲಕ ಬಂದ ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು, ದಿನಗೂಲಿಯವರು, ಟ್ರೈನಿಗಳು ಎಲ್ಲ ಅದರೊಳಗೇ ಬರುತ್ತಾರೆ. ನಾನು ಆಂತರಿಕ ಸಮಿತಿಯ ಸದಸ್ಯ, ಜೊತೆಗೆ ಹತ್ತರಗಿಯಿಂದ ಬಂದವನು. ‘ನಿಂಗೆ ಹಳ್ಳಿ ಕನ್ನಡ ಬರುತ್ತೆ’ ಅಂತ ಕೆಲಸ ನನ್ನ ಕೊರಳಿಗೆ ಬಿತ್ತು. ಹಳ್ಳಿ ಕನ್ನಡ ಅಂದರೆ ಸರಳ ಕನ್ನಡ ಅಂತ ಇವರಿಗೆ ಯಾರು ಹೇಳಿದರೋ. ನಮ್ಮೂರ ಪಂಚಾಯ್ತಿಕಟ್ಟೆಯಲ್ಲಿ ಒಂದು ಸಂಜೆ ಕೂತರೆ ಗೊತ್ತಾಗುತ್ತೆ, ಒಂದು ಮಾತನ್ನು ಎಷ್ಟು ಸುತ್ತಿ ಹೇಳಬಹುದು ಅಂತ.

ಮೇಲಿನ ವಾಕ್ಯವನ್ನೇ ತಗೊಳ್ಳಿ. ಸಣ್ಣ ವಾಕ್ಯ ಮಾಡಲು ಕೂತರೆ ಮೊದಲ ಹೆಜ್ಜೆಯಲ್ಲೇ ಕಾಲು ತಡೆಯುತ್ತದೆ. ‘ಸಲ್ಲಿಸತಕ್ಕದ್ದು’ ಅನ್ನುವುದು ‘ನೀವು ಕೊಡಿ’ ಅಂತಾಯಿತು. ಯಾರಿಗೆ ಕೊಡಬೇಕು? ಸಕ್ಷಮ ಸಮಿತಿಗೆ. ಅದು ಯಾರು? ‘ಪರಿಶೀಲಿಸಿ ಕೈಗೊಳ್ಳಲಾಗುವುದು’, ಸರಿ, ಯಾರು ಪರಿಶೀಲಿಸುತ್ತಾರೆ, ಎಷ್ಟು ದಿನದಲ್ಲಿ? ಕನ್ನಡದ ‘ಲಾಗುವುದು’ ಬಹಳ ಅನುಕೂಲದ ಪ್ರತ್ಯಯ. ಅದನ್ನು ಹಚ್ಚಿದರೆ ಕೆಲಸ ಆಗುತ್ತದೆ, ಆದರೆ ಮಾಡುವವರು ಯಾರೂ ಇರುವುದಿಲ್ಲ. ಸರ್ಕಾರಿ ಸುತ್ತೋಲೆಗಳಲ್ಲಿ ನೂರಾರು ಕೆಲಸ ಹೀಗೆ ತಮ್ಮಷ್ಟಕ್ಕೇ ಆಗುತ್ತಿರುತ್ತವೆ. ಸಣ್ಣ ವಾಕ್ಯಕ್ಕೆ ಈ ಅನುಕೂಲ ಇಲ್ಲ. ಅದು ಕರ್ತೃವನ್ನು ಕೇಳುತ್ತದೆ.

ಕರ್ತೃವನ್ನು ಹುಡುಕಲು ಹೊರಟೆವು. ಪ್ರಕಟಣೆಯ ಎಂಟನೇ ಪುಟದಲ್ಲಿ ಸಮಿತಿಯ ಅಧ್ಯಕ್ಷೆಯ ಹೆಸರಿತ್ತು. ಆ ಮೇಡಂ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಬೇರೆಯವರು ಬಂದಿದ್ದರು, ಮೀಟಿಂಗುಗಳೂ ನಡೆದಿದ್ದವು, ಆದರೆ ಕಾಗದದಲ್ಲಿ ಹಳೇ ಹೆಸರು, ಹಳೇ ಇಮೇಲ್. ಆ ವಿಳಾಸಕ್ಕೆ ಯಾರಾದರೂ ಬರೆದಿದ್ದರೆ ಅದು ವಾಪಸ್ ಬರುತ್ತಿತ್ತು. ಇನ್ನೊಂದು, ನಮಗೆ ಹುಬ್ಬಳ್ಳಿಯಲ್ಲೊಂದು ಚಿಕ್ಕ ಆಫೀಸಿದೆ, ಮೂವತ್ತು ಜನ. ಕಾನೂನಿನ ನಾಲ್ಕನೇ ಕಲಮಿನ ಪ್ರಕಾರ ಆಫೀಸುಗಳು ಬೇರೆ ಬೇರೆ ಊರಿನಲ್ಲಿದ್ದರೆ ಪ್ರತಿ ಆಫೀಸಿಗೂ ಒಂದು ಸಮಿತಿ ಬೇಕು. ಹುಬ್ಬಳ್ಳಿಯಲ್ಲಿ ಇರಲಿಲ್ಲ. ಒಂಬತ್ತು ಪುಟದ ಪ್ರಕಟಣೆ ಇದನ್ನು ಎರಡು ವರ್ಷ ಮುಚ್ಚಿಟ್ಟಿತ್ತು. ಯಾರೂ ಬೇಕಂತ ಮುಚ್ಚಿಟ್ಟದ್ದಲ್ಲ, ‘ಸಕ್ಷಮ ಸಮಿತಿ’ ಅನ್ನೋ ಎರಡು ಪದದ ಹೊದಿಕೆ ಅಷ್ಟು ಉದ್ದ ಇತ್ತು. ‘ಹುಬ್ಬಳ್ಳಿಯವರು ಇವರಿಗೆ ಹೇಳಿ’ ಅಂತ ಬರೆದು ಹೆಸರಿನ ಜಾಗದಲ್ಲಿ ಗೆರೆ ಎಳೆದು ಕಳಿಸಿದೆವು. ಮೂರು ವಾರದಲ್ಲಿ ಹುಬ್ಬಳ್ಳಿಗೆ ಸಮಿತಿ ಆಯಿತು: ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷೆ, ನೌಕರರಿಂದ ಇಬ್ಬರು, ಹೊರಗಿನ ಸಂಸ್ಥೆಯಿಂದ ಒಬ್ಬರು, ಒಟ್ಟಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು.

ಹಾಗಾಗಿ ಸರಳವಾಗಿ ಬರೆಯೋದು ಭಾಷೆಯ ಕೆಲಸ ಅಂತ ಯಾರಾದರೂ ಅಂದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅರ್ಧಕ್ಕಿಂತ ಹೆಚ್ಚು ಅದು ಇನ್ನೊಬ್ಬರ ಕೈಯಲ್ಲಿ ನಿರ್ಧಾರ ಮಾಡಿಸುವ ಕೆಲಸ.

ಇಲ್ಲಿವರೆಗೆ ಸುಲಭ. ಕಷ್ಟ ಶುರುವಾದದ್ದು ಮೂರನೇ ಕಾರ್ಡಿಗೆ. ಲೀಗಲ್‌ನವರು ಒಂದು ಸಾಲು ಕಳಿಸಿದ್ದರು, ಬಹಳ ಚೊಕ್ಕ ಇತ್ತು: ‘ಸುಳ್ಳು ದೂರು ಕೊಟ್ಟರೆ ಶಿಕ್ಷೆ ಉಂಟು.’ ಐದು ಪದ. ಚಿಕ್ಕದು, ಸರಳ, ಯಾರಿಗಾದರೂ ಅರ್ಥವಾಗುತ್ತದೆ. ಕಾನೂನಿನಲ್ಲಿ ಅಂಥದ್ದೊಂದು ಮಾತು ಇರುವುದೂ ನಿಜ. ಆದರೂ ಆ ಸಾಲು ಹೋದರೆ ಉಳಿದ ಏಳು ಕಾರ್ಡು ಮಾಡಿಯೂ ಉಪಯೋಗ ಇಲ್ಲ ಅನ್ನಿಸಿತು.

2013ರ ಕಾಯ್ದೆಯ 14ನೇ ಕಲಮು ಹೇಳುವುದು ಇದು. ದೂರು ಕೆಟ್ಟ ಉದ್ದೇಶದ್ದು, ಅಥವಾ ಸುಳ್ಳೆಂದು ತಿಳಿದೇ ಕೊಟ್ಟದ್ದು, ಅಥವಾ ಖೊಟ್ಟಿ ದಾಖಲೆ ತಂದದ್ದು ಅಂತ ಸಮಿತಿ ತೀರ್ಮಾನಕ್ಕೆ ಬಂದರೆ ಕ್ರಮಕ್ಕೆ ಶಿಫಾರಸು ಮಾಡಬಹುದು. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ದೂರನ್ನು ರುಜುವಾತು ಮಾಡಲಾಗಲಿಲ್ಲ, ಸಾಕಷ್ಟು ಸಾಕ್ಷ್ಯ ಸಿಗಲಿಲ್ಲ ಅನ್ನುವುದೊಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಆಗಬೇಕಿಲ್ಲ, ಕೆಟ್ಟ ಉದ್ದೇಶ ಇತ್ತು ಅಂತ ವಿಚಾರಣೆಯಲ್ಲಿ ಸಿದ್ಧವಾಗಬೇಕು. ಐದು ಪದದ ಸಾಲಿನಲ್ಲಿ ಈ ಎರಡನೇ ಭಾಗ ಪೂರ್ತಿ ಬಿದ್ದುಹೋಗಿದೆ. ಲಿಫ್ಟಿನಲ್ಲಿ ಆದದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ‘ನನ್ನ ಹತ್ರ ಸಾಕ್ಷಿ ಇಲ್ಲ, ಹಾಗಾದ್ರೆ ನಂದು ಸುಳ್ಳು ದೂರು ಆಗುತ್ತೆ’ ಅಂತ ಓದುವ ಹುಡುಗಿ ತಾನೇ ಲೆಕ್ಕ ಹಾಕುತ್ತಾಳೆ. ವಾಕ್ಯದೊಳಗಿನ ಒಂದೊಂದು ಪದವೂ ನಿಜ, ಓದಿದವಳ ತಲೆಯಲ್ಲಿ ಉಳಿದದ್ದು ಸುಳ್ಳು. ಇದಕ್ಕೆ ಯಾರು ಹೊಣೆ? ‘ನಾನು ಸುಳ್ಳು ಬರೆದಿಲ್ಲವಲ್ಲ’ ಅಂತ ಕೈ ತೊಳೆದುಕೊಳ್ಳಬಹುದೇ? ನನ್ನ ಪ್ರಕಾರ ಇಲ್ಲ. ಉದ್ದ ಪ್ರಕಟಣೆ ಬರೆದವರಿಗೆ ಕೊನೇಪಕ್ಷ ‘ಓದಿದ್ದರೆ ಸಿಗುತ್ತಿತ್ತು’ ಅನ್ನುವ ನೆಪ ಇದೆ. ಕಾರ್ಡು ಬರೆಯುವವರು ಓದುಗರ ಪರವಾಗಿ ಓದಿ, ಇಷ್ಟು ಸಾಕು ಅಂತ ತೀರ್ಪು ಕೊಟ್ಟಿರುತ್ತಾರೆ. ಬಿಟ್ಟದ್ದರ ಭಾರ ಅವರದೇ.

ಸಾಲು ಬದಲಾಯಿತು, ಜಾಗವೂ ಬದಲಾಯಿತು. ಮೂರರಿಂದ ಏಳಕ್ಕೆ ಹೋಯಿತು. ಈಗ ಹೀಗಿದೆ:

‘ಸಾಬೀತು ಮಾಡಲು ಆಗದಿದ್ದರೆ ನಿಮ್ಮ ಮೇಲೆ ಕ್ರಮ ಇಲ್ಲ. ಸುಳ್ಳು ಅಂತ ಗೊತ್ತಿದ್ದೇ ಕೊಟ್ಟದ್ದು, ಅಥವಾ ಕೆಡುಕು ಮಾಡಲೆಂದೇ ಕೊಟ್ಟದ್ದು ಅಂತ ವಿಚಾರಣೆಯಲ್ಲಿ ತೋರಿದರೆ ಮಾತ್ರ ಕ್ರಮ.’

ಇದರಲ್ಲೂ ಒಂದು ಜಗಳ ಇತ್ತು. ಕಾನೂನು ಅನ್ನುವುದು ‘ಆಗಬೇಕಿಲ್ಲ’ ಅಂತ. ನಾವು ಬರೆದದ್ದು ‘ಇಲ್ಲ’ ಅಂತ. ಲೀಗಲ್‌ನ ಹಿರಿಯರೊಬ್ಬರು ಇದನ್ನು ಸರಿಯಾಗಿ ಹಿಡಿದರು. ‘ನೀವು ಸರಳ ಮಾಡ್ತಿಲ್ಲ, ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಂಪನಿ ಕೈಲಿ ಮಾತು ಕೊಡಿಸ್ತಿದ್ದೀರಿ’ ಅಂದರು. ಅವರ ಮಾತು ನಿಜ. ಅದನ್ನು ನಾನಾಗಿ ಕಾರ್ಡಿನಲ್ಲಿ ನುಸುಳಿಸಿದ್ದರೆ ಅನ್ಯಾಯವಾಗುತ್ತಿತ್ತು. ಮೇಲಿನವರ ಮುಂದಿಟ್ಟೆವು, ಅವರು ಒಪ್ಪಿದರು, ಮೂಲ ಪಾಲಿಸಿಯಲ್ಲೂ ಆ ಸಾಲು ತಿದ್ದಿದರು. ಆಮೇಲೇ ಕಾರ್ಡಿಗೆ ಬಂತು. ಕಾರ್ಡು ಒಂದು ಹೇಳಿ ಪಾಲಿಸಿ ಇನ್ನೊಂದು ಹೇಳಿದರೆ ಜಗಳದ ದಿನ ಗೆಲ್ಲುವುದು ಪಾಲಿಸಿಯೇ, ಕಾರ್ಡು ನಂಬಿ ಬಂದವರು ಬೀದಿಗೆ ಬೀಳುತ್ತಾರೆ.

ಹೆದರಿಸುವ ಸುಳ್ಳಿನ ಕಥೆ ಇದಾದರೆ, ಸಮಾಧಾನ ಮಾಡುವ ಸುಳ್ಳು ಇನ್ನೂ ಜಾರುವಂಥದ್ದು. ನಮ್ಮ ಡಿಸೈನರ್ ಹುಡುಗಿ ಒಳ್ಳೆಯ ಮನಸ್ಸಿನಿಂದ ಬರೆದಿದ್ದಳು: ‘ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.’ ಬೀಗದ ಚಿತ್ರ ಬೇರೆ ಇತ್ತು. ಓದಿದವರಿಗೆ ಧೈರ್ಯ ಬರಲಿ ಅಂತ ಅವಳ ಆಸೆ. ಆದರೆ ನಡೆಯೋದು ಹಾಗಲ್ಲ. ನಿಯಮದ ಪ್ರಕಾರ ದೂರು ಬಂದ ಏಳು ಕೆಲಸದ ದಿನದೊಳಗೆ ಅದರ ಒಂದು ಪ್ರತಿ ಯಾರ ಮೇಲೆ ದೂರೋ ಅವರಿಗೆ ಹೋಗುತ್ತದೆ. ಅವರು ಹತ್ತು ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ಆರೋಪ ಹೊತ್ತವರಿಗೆ ಆರೋಪ ಏನು, ಯಾರದು ಅಂತ ಹೇಳದೆ ವಿಚಾರಣೆ ಮಾಡಿದರೆ ಅದು ನ್ಯಾಯವೂ ಅಲ್ಲ. 16ನೇ ಕಲಮು ಕೊಡುವ ಗುಟ್ಟು ಬೇರೆ ಥರದ್ದು. ದೂರಿನ ವಿಷಯ, ಇಬ್ಬರ ಹೆಸರು, ಸಾಕ್ಷಿಗಳ ಹೆಸರು, ವಿಚಾರಣೆಯ ವಿವರ, ಇವನ್ನು ಜನರಿಗೆ, ಪತ್ರಿಕೆಗೆ ಹೇಳುವಂತಿಲ್ಲ.

ನಿಜ ಬರೆದರೆ ಕೆಲವರು ಹಿಂಜರಿಯುತ್ತಾರೆ. ಬೀಗದ ಚಿತ್ರ ಹಾಕಿದರೆ ಮುಂದೆ ಬರುತ್ತಾರೆ, ಎಂಟನೇ ದಿನ ಮೋಸ ಹೋದೆ ಅಂದುಕೊಳ್ಳುತ್ತಾರೆ. ಈ ಎರಡರ ನಡುವೆ ಸಮಿತಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದೆವು. ಒಬ್ಬರು ‘ಮೊದಲು ಬಾಗಿಲಿಗೆ ಬರಲಿ, ಆಮೇಲೆ ಕೂರಿಸಿ ಹೇಳೋಣ’ ಅಂದರು. ಆ ಮಾತಿನಲ್ಲಿ ಕರುಣೆ ಇತ್ತು, ನನಗೆ ಒಂದು ಗಳಿಗೆ ಆಸೆಯೂ ಆಯಿತು. ಆದರೆ ದೂರು ಕೊಡುವುದೋ ಬಿಡುವುದೋ ಅನ್ನುವುದು ಅವಳ ನಿರ್ಧಾರ. ಅದಕ್ಕೆ ಬೇಕಾದ ಅತಿ ಮುಖ್ಯ ಸಂಗತಿಯನ್ನು ಬಚ್ಚಿಟ್ಟು ನಿರ್ಧಾರ ಮಾಡಿಸಿದರೆ ಅದು ಅವಳದಾಗಿ ಉಳಿಯುವುದಿಲ್ಲ, ನಮ್ಮದಾಗುತ್ತದೆ.

ಹಾಗಂತ ನಿಜವನ್ನು ಒಗೆದು ಎದ್ದು ಹೋಗುವುದೂ ಸರಿಯಲ್ಲ. ಆ ಕಾರ್ಡಿನ ಪಕ್ಕದಲ್ಲೇ ಇನ್ನೊಂದು ಕಾರ್ಡು ಇಟ್ಟೆವು. ‘ಅವರು ನನ್ನ ಮ್ಯಾನೇಜರ್ ಆಗಿದ್ದರೆ?’ ಅಂತ ಅದರ ಪ್ರಶ್ನೆ. ಉತ್ತರ: ‘ವಿಚಾರಣೆ ಮುಗಿಯುವವರೆಗೆ ನೀವು ಕೇಳಬಹುದು. ಒಬ್ಬರನ್ನು ಬೇರೆ ಕಡೆ ವರ್ಗ ಮಾಡಿ ಅಂತ. ಮೂರು ತಿಂಗಳವರೆಗೆ ರಜೆ ಕೊಡಿ ಅಂತ. ಅವರು ನನ್ನ ಅಪ್ರೈಸಲ್ ಬರೆಯಬಾರದು ಅಂತ.’ ಈ ಮೂರೂ ಕಾಯ್ದೆ ಮತ್ತು ನಿಯಮದಲ್ಲಿ ಇರುವಂಥವೇ, ಸಮಿತಿ ಶಿಫಾರಸು ಮಾಡಿದರೆ ಕಂಪನಿ ಮಾಡಬೇಕು. ರಜೆ ಇವಳ ಲೆಕ್ಕದ ರಜೆಯಲ್ಲಿ ಕಡಿತ ಆಗುವುದಿಲ್ಲ. ಒಂಬತ್ತು ಪುಟದಲ್ಲಿ ಇದು ಆರನೇ ಪುಟದ ಕೊನೆಗಿತ್ತು. ನಮ್ಮ ಟೀಮಿನಲ್ಲಿ ಆರು ವರ್ಷದಿಂದ ಇರುವವರಿಗೂ ಅಪ್ರೈಸಲ್ ವಿಷಯ ಗೊತ್ತಿರಲಿಲ್ಲ. ಸಾಫ್ಟ್‌ವೇರಿನವರು ಬಾಯಿ ಮುಚ್ಚಿಕೊಳ್ಳೋದು ಯಾವುದಕ್ಕೆ ಅಂತ ನಿಮಗೆ ಹೇಳಬೇಕಿಲ್ಲ.

ಕಾರ್ಡು ಕೆಲಸ ಮಾಡುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಎಷ್ಟು ಜನ ನೋಡಿದರು ಅನ್ನೋ ಅಂಕಿ ಹಳೇ ಬಟನ್ನಿನ ತಮ್ಮನೇ. ‘ಅರ್ಥ ಆಯ್ತಾ’ ಅಂತ ಕೇಳಿದರೆ ಆಫೀಸಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಅದಕ್ಕೆ ಕಾರ್ಡು ತೋರಿಸಿ, ಫೋನು ವಾಪಸ್ ತಗೊಂಡು, ಒಂದು ಸಂದರ್ಭ ಹೇಳಿ ಉತ್ತರ ಕೇಳಿದೆವು. ‘ಫೆಬ್ರವರಿ 10ಕ್ಕೆ ಒಬ್ಬರಿಗೆ ಹಿಂಗಾಯ್ತು. ಇವತ್ತು ಜೂನ್ 5. ಈಗ ದೂರು ಕೊಡಬಹುದಾ?’ ಮೊದಲ ಕರಡಿನಲ್ಲಿ ‘3 ತಿಂಗಳೊಳಗೆ ದೂರು ಕೊಡಿ’ ಅಂತಿತ್ತು. ಕೇಳಿದ ಐದು ಜನರಲ್ಲಿ ಐವರೂ ‘ಟೈಮ್ ಮುಗೀತಲ್ಲ’ ಅಂದರು. ಮೇ 10ಕ್ಕೆ ಮೂರು ತಿಂಗಳು ಮುಗಿದದ್ದು ನಿಜ. ಆದರೆ ತಡವಾದದ್ದಕ್ಕೆ ಕಾರಣ ಇದ್ದರೆ, ಅದನ್ನು ಬರೆದಿಟ್ಟು ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ಹೆಚ್ಚಿಸಬಹುದು. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಲೆಕ್ಕ ಶುರುವಾಗುವುದು ಕೊನೆಯ ಸಲ ನಡೆದ ದಿನದಿಂದ. ಹಾಗಾಗಿ ಸಾಲಿನ ಕೆಳಗೆ ಇನ್ನೆರಡು ಸಾಲು ಬಂದವು: ‘ತಡವಾಗಿದೆಯಾ? ಆದರೂ ಬನ್ನಿ, ಕಾರಣ ಹೇಳಿ.’ ಅದರ ಜೊತೆ, ಬರೆಯಲು ಬಾರದಿದ್ದರೆ ಸಮಿತಿಯವರು ಬರೆದುಕೊಳ್ಳಲು ನೆರವಾಗುತ್ತಾರೆ ಅಂತ. ಇದೂ ಕಾನೂನೇ, ನಮ್ಮ ಉದಾರತೆ ಅಲ್ಲ. ಎರಡನೇ ಸಲ ಬೇರೆ ಐದು ಜನರನ್ನು ಕೇಳಿದಾಗ ನಾಲ್ವರು ಸರಿ ಹೇಳಿದರು. ಐದನೆಯವರು ಒಬ್ಬ ಕ್ಯಾಬ್ ಡ್ರೈವರ್, ‘ಅದು ಆಫೀಸೊಳಗೆ ಆದ್ರೆ ಅಲ್ವಾ ಸಾರ್’ ಅಂದರು. ಕಂಪನಿ ಕೊಟ್ಟ ವಾಹನವೂ ಕೆಲಸದ ಸ್ಥಳವೇ ಅಂತ ಕಾಯ್ದೆಯಲ್ಲಿದೆ, ನಮ್ಮ ಕಾರ್ಡಿನಲ್ಲಿ ಇರಲಿಲ್ಲ. ಸೇರಿಸಿದೆವು.

ಇದೇ ಕಾರ್ಡುಗಳನ್ನು ಪಂಚಮಿಗೆ ಊರಿಗೆ ಹೋದಾಗ ಅಕ್ಕನ ಕೈಗೆ ಕೊಟ್ಟೆ. ಅವಳು ದಿನಾ ಬಸ್ಸಿಗೆ ಸಂಕೇಶ್ವರಕ್ಕೆ ಹೋಗಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕನ್ನಡದ ತಪ್ಪು ಹಿಡಿಯಲಿ ಅಂತ ನನ್ನ ಲೆಕ್ಕ. ಬೆರಳಿಂದ ಒಂದೊಂದೇ ಸರಿಸಿ ಓದಿದಳು, ಟೋಲ್ ನಾಕಾದ ಬೋರ್ಡಿನಲ್ಲಿ ಡ್ರೈವರುಗಳು ತಮ್ಮ ಗಾಡಿಯ ಸಾಲನ್ನೇ ಹುಡುಕುತ್ತಾರಲ್ಲ, ಹಾಗೆ.

‘ಚಲೋ ಬರದೀರಿ. ತಿಳೀತೈತಿ. ಆದ್ರ ತಮ್ಮಾ, ನಮ್ಮ ಅಂಗಡ್ಯಾಗ ಆರು ಮಂದಿ ಅದೀವಿ. ನಮಗ ಸಮಿತಿ ಎಲ್ಲೈತಿ?’

‘ಹತ್ತು ಮಂದಿಗಿಂತ ಕಡಿಮಿ ಇದ್ರ ಅಂಗಡಿಯೊಳಗ ಇರಂಗಿಲ್ಲಕ್ಕಾ. ಜಿಲ್ಲಾಕ್ಕ ಒಂದು ಇರತೈತಿ.’

‘ಮಾಲಕಂದಽ ತಪ್ಪಿದ್ರ?’

‘ಅದಕ್ಕೂ ಅದಽ.’

‘ಅಂದ್ರ ಬೆಳಗಾಂವಿಗೆ ಹೋಗಬೇಕು. ಒಂದು ದಿನದ ಪಗಾರ ಬಿಟ್ಟು.’

ಹೋಗಬೇಕಂತಿಲ್ಲ. ಕಾಯ್ದೆಯ ಆರನೇ ಕಲಮಿನ ಪ್ರಕಾರ ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅವರು ದೂರು ತಗೊಂಡು ಏಳು ದಿನದೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕಳಿಸಬೇಕು. ನಮ್ಮದು ಹುಕ್ಕೇರಿ ತಾಲ್ಲೂಕು. ಅಕ್ಕನಿಗೆ ಇದನ್ನು ಹೇಳಿದೆ. ‘ಇದನ್ನ ಯಾರು ಬರದು ನಮಗ ತೋರಿಸ್ಯಾರ?’ ಅಂದಳು.

ಇದರಲ್ಲೊಂದು ಚೋದ್ಯ ಇದೆ. ಈ ಕಾನೂನು ಹುಟ್ಟಿದ್ದೇ ಎಸಿ ಆಫೀಸಿನಿಂದ ಅಲ್ಲ. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಭಂವರಿ ದೇವಿ ಅನ್ನುವ ಸರ್ಕಾರದ ಯೋಜನೆಯ ಕಾರ್ಯಕರ್ತೆ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. ಆ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹಾಕಿದ ಅರ್ಜಿಗೆ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ಮಾರ್ಗಸೂಚಿ ಕೊಟ್ಟಿತು, ಅದರಿಂದ 2013ರ ಕಾಯ್ದೆ. ಹಳ್ಳಿಯ ಕೆಲಸಗಾರ್ತಿಯೊಬ್ಬರ ನೋವಿನಿಂದ ಬಂದದ್ದು ಇವತ್ತು ಡಿಸೈನರ್ ಇಟ್ಟುಕೊಂಡ ಕಂಪನಿಗಳಲ್ಲಿ ಬಣ್ಣದ ಕಾರ್ಡಾಗುತ್ತದೆ, ಆರು ಮಂದಿಯ ಅಂಗಡಿಗೆ ಬರುವಷ್ಟರಲ್ಲಿ ಗೋಡೆ ಬೋಳಾಗಿರುತ್ತದೆ.

ಅಂಗಡಿಯವರಿಗೆ ಅಂತ ಅಲ್ಲೇ ಕೂತು ನಾಲ್ಕು ಕಾರ್ಡು ಮಾಡಿದೆವು, ಅಕ್ಕ ಹೇಳಿದಂತೆ ನಾನು ಬರೆದೆ. ‘ಉದ್ಯೋಗದಾತ’ ಹೋಗಿ ‘ಮಾಲಕ’ ಬಂತು. ‘ದೂರು ಸಲ್ಲಿಸಿ’ ಹೋಗಿ ‘ಹೋಗಿ ಹೇಳ್ರಿ, ಬರಿಯಾಕ ಬರದಿದ್ರ ಅವರಽ ಬರಕೋಬೇಕು’ ಅಂತಾಯಿತು. ನಾಲ್ಕನೆಯದರಲ್ಲಿ ನೋಡಲ್ ಅಧಿಕಾರಿಯ ಹೆಸರು, ಫೋನ್ ನಂಬರಿಗೆ ಜಾಗ ಬಿಟ್ಟೆವು. ಹುಬ್ಬಳ್ಳಿ ಆಫೀಸಿಗೆ ಬಿಟ್ಟಂಥದ್ದೇ ಗೆರೆ.

‘ಬುಧವಾರ ನಂಗ ರಜಾ ಐತಿ. ಹುಕ್ಕೇರಿಗೆ ಹೋಗಿ ಕೇಳಿ ಬರತೀನಿ’ ಅಂದಳು ಅಕ್ಕ, ಕಾರ್ಡುಗಳನ್ನು ತನ್ನ ಫೋನಿಗೆ ಕಳಿಸಿಕೊಳ್ಳುತ್ತಾ. ‘ಯಾರಂತ ಕೇಳಿದ್ರ ಏನನ್ನಲಿ? ನೋಡಲ್ ಅಂದ್ರ ಅಲ್ಲಿ ತಿಳೀತೈತೇನು?’